ಕಿರ್ದಿಯಿಂದ ಖತಾವಣಿಗೆ: ಮರಳಿ ಬರುವ ಗಿರಾಕಿಯ ಲೆಕ್ಕ

ಉತ್ತರ ಕರ್ನಾಟಕದ ಅಡತಿ ಅಂಗಡಿಗಳ ಹಳೆಯ ಗುಮಾಸ್ತರನ್ನು ಬಲ್ಲವರು ಅವರ ಗಾದಿಯ ಪಕ್ಕದಲ್ಲಿ ಯಾವಾಗಲೂ ಎರಡು ಪುಸ್ತಕಗಳನ್ನು ಕಂಡಿರುತ್ತಾರೆ. ಒಂದು ಕಿರ್ದಿ, ದಿನದ ಕೊಡು-ಕೊಳ್ಳುವಿಕೆಯನ್ನು ಅದು ನಡೆದ ಕ್ರಮದಲ್ಲಿಯೇ, ಬಂದವರು ಯಾರು, ತಂದುದು ಏನು, ಕೊಟ್ಟುದು ಎಷ್ಟು ಎಂದು ಒಂದರ ಕೆಳಗೊಂದಾಗಿ ಬರೆದಿಡುವ ಪುಸ್ತಕ. ಇನ್ನೊಂದು ಖತಾವಣಿ, ಅದೇ ವ್ಯವಹಾರವನ್ನು ಸಂಜೆ ಕುಳಿತು, ತಾರೀಖಿನ ಕ್ರಮವನ್ನು ಬಿಟ್ಟು ಆಸಾಮಿಯ ಕ್ರಮಕ್ಕೆ ಮಾರ್ಪಡಿಸಿ, ಒಬ್ಬೊಬ್ಬನ ಹೆಸರಿಗೆ ಒಂದೊಂದು ಪುಟವೆಂಬಂತೆ ಎತ್ತಿ ಬರೆದುಕೊಳ್ಳುವ ಪುಸ್ತಕ. ಇಂದು ಎಷ್ಟು ಹಣ ಬಂದಿತೆಂದು ಕೇಳಿದರೆ ಕಿರ್ದಿ ಉತ್ತರ ಹೇಳುತ್ತದೆ. ಆದರೆ ಹೋದ ವರ್ಷ ಲಿಂಬೆಯ ಮಾಲು ಹಾಕಿದ ಹೊರ್ತಿಯ ರೈತ ಈ ವರ್ಷ ಏಕೆ ಕಾಣಿಸಲಿಲ್ಲವೆಂಬ ಪ್ರಶ್ನೆ ಹುಟ್ಟುವುದೇ ಖತಾವಣಿಯಲ್ಲಿ. ಬಂದವರ ಹೆಸರು ಕಿರ್ದಿಯಲ್ಲಿರುತ್ತದೆ. ಬಾರದವರ ಸುದ್ದಿಗೆ ಅಲ್ಲಿ ಸ್ಥಳವಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಪೇಟೆಯಲ್ಲಿ ಇಂದು ಬ್ಯೂಟಿ ಪಾರ್ಲರ್ ನಡೆಸುವ ಮಹಿಳೆ, ಕುಪ್ಪಸ ಹೊಲಿಯುವ ಟೇಲರ್, ಹಲ್ಲಿನ ದವಾಖಾನೆಯ ವೈದ್ಯ ಮೊದಲಾದವರ ಮೇಜಿನ ಮೇಲಿರುವ ಅಪಾಯಿಂಟ್‌ಮೆಂಟ್ ಡೈರಿಯೆಂಬುದು ಕೇವಲ ಕಿರ್ದಿ. ಖತಾವಣಿಯನ್ನು ಬರೆಯುವವರಿಲ್ಲದ ಕಾರಣ, ಪುಟಗಳು ತುಂಬಿರುವುದನ್ನು ನೋಡಿ ಅಂಗಡಿ ಚೆನ್ನಾಗಿ ನಡೆದಿದೆಯೆಂದು ತಿಳಿಯುವ ಭ್ರಮೆ ಸುಲಭವಾಗಿ ಉಂಟಾಗುತ್ತದೆ. ಹಳಬರು ಒಬ್ಬೊಬ್ಬರಾಗಿ ಬಿಟ್ಟುಹೋಗಿ, ಅವರ ಸ್ಥಾನದಲ್ಲಿ ಪ್ರತಿ ತಿಂಗಳೂ ಹೊಸಬರು ಬಂದು, ಅವರೂ ಒಮ್ಮೆ ಬಂದು ಹೋಗುತ್ತಿದ್ದರೂ ಡೈರಿಯ ಪುಟ ತುಂಬಿಯೇ ಕಾಣುವುದಷ್ಟೆ. ಈ ಕಿರ್ದಿಯಿಂದ ಖತಾವಣಿಯನ್ನು ಹೊರಡಿಸಿ, ಗಿರಾಕಿಗಳಲ್ಲಿ ಎಷ್ಟು ಮಂದಿ ಮರಳಿ ಬರುತ್ತಾರೆ, ಒಬ್ಬೊಬ್ಬರು ಸರಾಸರಿ ಎಷ್ಟು ವೆಚ್ಚ ಮಾಡುತ್ತಾರೆ ಎಂಬೆರಡು ಸಂಖ್ಯೆಗಳನ್ನು ಪಡೆಯುವ ಬಗೆಯನ್ನು ಒಂದು ಪಾರ್ಲರಿನ ಉದಾಹರಣೆಯಿಂದ ಇಲ್ಲಿ ವಿವರಿಸಲಾಗಿದೆ. ಉದಾಹರಣೆಯ ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ಕ್ರಮವು ಮಾತ್ರ ಯಾವ ಅಂಗಡಿಗೂ ಸಲ್ಲುವಂಥದು.

ಡೈರಿಯಲ್ಲಿ ಇರಬೇಕಾದ ಐದು ಅಂಕಣ

ಈ ಲೆಕ್ಕಕ್ಕೆ ಬೇಕಾಗುವ ಅಂಕಣಗಳು ಐದೇ: ತಾರೀಖು, ಗಿರಾಕಿಯ ಸಂಖ್ಯೆ, ಹೆಸರು ಮತ್ತು ಊರು, ಮಾಡಿದ ಕೆಲಸ, ಕೈಗೆ ಬಂದ ಹಣ. ಇವುಗಳಲ್ಲಿ ಕೊನೆಯದರ ವಿಷಯದಲ್ಲಿ ಎಚ್ಚರ ಅವಶ್ಯ. ಹೇಳಿದ ದರವನ್ನಲ್ಲ, ರಿಯಾಯಿತಿ ಕಳೆದು ನಿಜವಾಗಿ ಪಡೆದ ಮೊತ್ತವನ್ನೇ ಬರೆಯತಕ್ಕದ್ದು. ಉದ್ರಿ ಉಳಿದಿದ್ದರೆ ಅದನ್ನು ಬದಿಯಲ್ಲಿ ಗುರುತಿಸಿ, ಹಣ ಬಂದ ದಿನ ಮೂಲ ಭೇಟಿಯ ಸಾಲಿಗೇ ಸೇರಿಸತಕ್ಕದ್ದು. ಉದ್ರಿ ತೀರಿಸಲು ಬಂದ ದಿನವನ್ನು ಹೊಸ ಸಾಲಾಗಿ ಬರೆದರೆ, ಕೆಲಸವೇ ಮಾಡಿಸದ ಒಂದು ಭೇಟಿ ಲೆಕ್ಕದಲ್ಲಿ ಹುಟ್ಟಿಕೊಳ್ಳುತ್ತದೆ.

ಅಂತೆಯೇ, ಸಮಯ ಗೊತ್ತುಮಾಡಿಕೊಂಡು ಬಾರದೆ ಹೋದವರ ಸಾಲನ್ನು ಅಳಿಸದೆ, ಅದರ ಮೇಲೊಂದು ಅಡ್ಡಗೆರೆ ಎಳೆದಿಡುವುದು ಒಳ್ಳೆಯದು. ಆ ಸಾಲು ಭೇಟಿಯೆಂದು ಎಣಿಕೆಗೆ ಬರಬಾರದು. ಆದರೆ ಗಿರಾಕಿಯೊಬ್ಬಳು ಬಿಟ್ಟುಹೋಗುವ ಮುನ್ನ ಒಂದೆರಡು ಸಲ ಹೇಳಿ ಬಾರದಿದ್ದಳೆ ಎಂಬುದನ್ನು ಮುಂದೆ ನೋಡಬೇಕಾದಾಗ ಅದೇ ಸಾಲು ಸಾಕ್ಷಿಯಾಗುತ್ತದೆ. ಇದಕ್ಕೆ ಪ್ರತಿಯಾಗಿ, ಮುಂಚೆ ಹೇಳದೆ ಬಾಗಿಲು ತೆರೆದು ಬಂದು ಹುಬ್ಬು ತಿದ್ದಿಸಿಕೊಂಡು ಹೋಗುವವರ ಹೆಸರನ್ನು ಬರೆಯದೆ ಬಿಡುವುದೇ ಸಣ್ಣ ಊರಿನ ಡೈರಿಗಳ ಅತಿ ಸಾಮಾನ್ಯ ದೋಷ. ಪದೇ ಪದೇ ಬರುವ ಸಲಿಗೆಯ ಗಿರಾಕಿ ಹೇಳದೆಯೇ ಬರುವವಳಾದುದರಿಂದ, ಬರವಣಿಗೆ ತಪ್ಪಿದಾಗ ಲೆಕ್ಕದಿಂದ ಕಾಣೆಯಾಗುವವಳು ಅಂಗಡಿಗೆ ಅತ್ಯಂತ ನಿಷ್ಠಳಾದವಳೇ ಆಗಿರುತ್ತಾಳೆ.

ಸುಜಾತಾ ಎಷ್ಟು ಮಂದಿ?

ಖತಾವಣಿಯ ಪುಟವೊಂದಕ್ಕೆ ಒಬ್ಬಳೇ ಒಡತಿಯಿರಬೇಕು. ಇಂಡಿಯ ನಮ್ಮ ಕಲ್ಪಿತ ಪಾರ್ಲರಿನ ಡೈರಿಯಲ್ಲಿ ಮೂರು ತಿಂಗಳಲ್ಲಿ ‘ಸುಜಾತಾ’ ಎಂಬ ಹೆಸರು ಒಂಬತ್ತು ಸಲ ಬಂದಿದೆಯೆಂದು ಇಟ್ಟುಕೊಳ್ಳೋಣ. ಅದು ಒಬ್ಬಳೇ ಒಂಬತ್ತು ಸಲ ಬಂದುದೋ, ಮೂವರು ಮೂರು ಮೂರು ಸಲ ಬಂದುದೋ ಎಂಬುದನ್ನು ಹೆಸರು ಹೇಳಲಾರದು. ನಮ್ಮ ಭಾಗದಲ್ಲಿ ಈ ತೊಡಕನ್ನು ಬಿಡಿಸುವ ಪ್ರಶ್ನೆ ಸಿದ್ಧವಾಗಿಯೇ ಇದೆ: “ಯಾವ ಊರಾಕಿ, ಯಾರ ಮನಿಯಾಕಿ ಅವ್ವಾ ನೀ?” ಹೆಸರಿನ ಜೊತೆಗೆ ಊರು ಅಥವಾ ಓಣಿ ಸೇರಿದರೆ ಬಹುಮಟ್ಟಿಗೆ ಗುರುತು ಸ್ಪಷ್ಟವಾಗುತ್ತದೆ. ಹೊಸಬಳು ಬಂದ ಮೊದಲ ದಿನವೇ ಅವಳಿಗೊಂದು ಸಂಖ್ಯೆ ಕೊಟ್ಟು, ಡೈರಿಯ ಹಿಂಬದಿಯ ಪುಟಗಳಲ್ಲಿ ಹೆಸರಿನ ಮೊದಲ ಅಕ್ಷರದ ಪ್ರಕಾರ ಆ ಸಂಖ್ಯೆಯನ್ನು ಬರೆದಿಟ್ಟರೆ ಮುಂದೆ ಎಂದೂ ಸಂಶಯ ಹುಟ್ಟುವುದಿಲ್ಲ.

ಮೊಬೈಲ್ ಸಂಖ್ಯೆಯನ್ನೇ ಗುರುತಾಗಿ ಇಟ್ಟುಕೊಳ್ಳಬಹುದಲ್ಲ ಎಂದು ತೋರುವುದು ಸಹಜ. ಆದರೆ ತಾಯಿ, ಇಬ್ಬರು ಹೆಣ್ಣುಮಕ್ಕಳು, ಸೊಸೆ, ಇವರೆಲ್ಲರ ಪರವಾಗಿ ಒಂದೇ ಸಂಖ್ಯೆಯಿಂದ, ಕೆಲವು ವೇಳೆ ಮನೆಯ ಗಂಡಸಿನ ಸಂಖ್ಯೆಯಿಂದ, ಕರೆ ಬರುವ ಊರುಗಳಲ್ಲಿ ಆ ಗುರುತು ಒಂದು ಮನೆಯದಾಗುತ್ತದೆಯೇ ಹೊರತು ಒಬ್ಬಳದಾಗುವುದಿಲ್ಲ.

ಈ ತಪ್ಪುಗಳ ಪರಿಣಾಮ ಎರಡು ದಿಕ್ಕಿನಲ್ಲಿ ಹರಿಯುವುದನ್ನು ಗಮನಿಸಬೇಕು. ಇಬ್ಬರು ಸುಜಾತೆಯರನ್ನು ಒಬ್ಬಳೆಂದು ಎಣಿಸಿದರೆ, ಒಬ್ಬಳು ಜನವರಿಯಲ್ಲಿ ಬಂದು ಬಿಟ್ಟುಹೋದರೂ ಇನ್ನೊಬ್ಬಳು ಮೇ ತಿಂಗಳಲ್ಲಿ ಬಂದುದು ‘ಮರಳಿ ಬಂದುದು’ ಎಂದು ದಾಖಲಾಗಿ, ಪ್ರಮಾಣವು ಸುಳ್ಳಾಗಿ ಏರುತ್ತದೆ. ಒಬ್ಬಳನ್ನೇ ಒಮ್ಮೆ ‘ಸುಜಾತಾ’ ಎಂದೂ ಮತ್ತೊಮ್ಮೆ ‘ಪಾಟೀಲ ಅಕ್ಕ’ ಎಂದೂ ಬರೆದರೆ, ಮೊದಲನೆಯವಳು ಬಿಟ್ಟುಹೋದಳೆಂದೂ ಎರಡನೆಯವಳು ಹೊಸಬಳೆಂದೂ ತೋರಿ, ಪ್ರಮಾಣವು ಸುಳ್ಳಾಗಿ ಇಳಿಯುತ್ತದೆ. ಆದುದರಿಂದ ಗುಣಾಕಾರ ಭಾಗಾಕಾರಗಳಿಗೆ ಕೈಯಿಕ್ಕುವ ಮೊದಲು ಹೆಸರುಗಳನ್ನು ಶುದ್ಧಮಾಡಿಕೊಳ್ಳುವುದಕ್ಕೇ ಒಂದು ಸಂಜೆಯನ್ನು ಮೀಸಲಿಡಬೇಕಾಗುತ್ತದೆ.

ಎಷ್ಟು ದಿನ ಕಾಯಬೇಕು?

ಪತ್ರಿಕೆಗೆ ವಾರ್ಷಿಕ ಚಂದಾ ಕೊಟ್ಟವನು ನವೀಕರಿಸದಿದ್ದರೆ ಅವನು ಬಿಟ್ಟನೆಂದು ನಿಶ್ಚಯವಾಗಿ ಹೇಳಬಹುದು. ಪಾರ್ಲರಿನ ಗಿರಾಕಿಯಾದರೋ ‘ಇನ್ನು ಬರುವುದಿಲ್ಲ’ ಎಂದು ಹೇಳಿ ಹೋಗುವವಳಲ್ಲ. ಸುಮ್ಮನೆ ಬಾರದೆ ಇರುತ್ತಾಳೆ. ಎಷ್ಟು ದಿನ ಬಾರದಿದ್ದರೆ ‘ಬಿಟ್ಟಳು’ ಎಂದು ತಿಳಿಯಬೇಕೆಂಬ ಅವಧಿಯನ್ನು ನಾವೇ ನಿಶ್ಚಯಿಸಬೇಕಾಗಿದೆ. ಆದರೆ ಅದನ್ನು ಊಹೆಯಿಂದಲ್ಲದೆ ಡೈರಿಯಿಂದಲೇ ಪಡೆಯಬಹುದು.

ಹಿಂದಿನ ಆರೇಳು ತಿಂಗಳ ಪುಟಗಳನ್ನು ತೆರೆದು, ಖಾಯಂ ಗಿರಾಕಿಗಳ ಒಂದು ಭೇಟಿಗೂ ಮುಂದಿನ ಭೇಟಿಗೂ ನಡುವೆ ಕಳೆದ ದಿನಗಳನ್ನು ಎಣಿಸಿ, ಐವತ್ತು ಅಂತರಗಳನ್ನು ಕಿರಿದರಿಂದ ಹಿರಿದಕ್ಕೆ ಸಾಲಾಗಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ನಡುವಿನ ಅಂತರ 34 ದಿನ, ನಲವತ್ತೈದನೆಯದು 82 ದಿನ ಬಂದಿತೆನ್ನೋಣ. ಅಂದರೆ ಮರಳಿ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ 82 ದಿನಗಳೊಳಗೆ ಬಂದೇ ಬರುತ್ತಾರೆ. ಆದ್ದರಿಂದ ಮೂರು ತಿಂಗಳೆಂಬ ಅವಧಿ ಈ ಅಂಗಡಿಗೆ ತಕ್ಕುದಾಗಿದೆ. ಕೇವಲ ಎರಡು ತಿಂಗಳ ಪುಟಗಳಿಂದ ಈ ಎಣಿಕೆ ಮಾಡಹೊರಟರೆ, ಎರಡು ತಿಂಗಳಿಗಿಂತ ದೊಡ್ಡ ಅಂತರ ಆ ಪುಟಗಳಲ್ಲಿ ಕಾಣಿಸಿಕೊಳ್ಳುವುದೇ ಸಾಧ್ಯವಿಲ್ಲದುದರಿಂದ, ಉತ್ತರವು ಅಸಹಜವಾಗಿ ಚಿಕ್ಕದಾಗಿ ಬರುತ್ತದೆ.

ಮೂರು ತಿಂಗಳ ಖತಾವಣಿ

ಈಗ 2025ರ ಜನವರಿ 1 ರಿಂದ ಮಾರ್ಚ್ 31 ರವರೆಗಿನ ಡೈರಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ ಒಟ್ಟು 142 ಸಾಲುಗಳಿದ್ದು, ಬಾರದೆ ಹೋದ 12 ಸಾಲುಗಳನ್ನು ಬಿಟ್ಟರೆ 130 ಭೇಟಿಗಳಾಗುತ್ತವೆ. ಹೆಸರುಗಳನ್ನು ಶುದ್ಧಮಾಡಿ, ಒಬ್ಬೊಬ್ಬರಿಗೂ ಒಂದೊಂದು ಸಾಲು ಎಳೆದು, ಆ ಸಾಲಿನ ಮೇಲೆ ಅವರು ಬಂದ ತಾರೀಖುಗಳನ್ನೂ ಕೊಟ್ಟ ಹಣವನ್ನೂ ಎತ್ತಿ ಬರೆದಾಗ 80 ಮಂದಿ ಗಿರಾಕಿಗಳು ದೊರೆತರು. ಇವರಲ್ಲಿ ನಾಲ್ವರು ಮದುಮಗಳ ಅಲಂಕಾರಕ್ಕೆಂದು ಒಂದೊಂದು ಸಲ ಬಂದು, ತಲಾ 6,000 ರೂಪಾಯಿ ಕೊಟ್ಟವರು. ಮದುವೆಯ ಅಲಂಕಾರಕ್ಕೆ ಮತ್ತೆ ಬರಲಿಲ್ಲವೆಂದು ಅವರನ್ನು ಬಿಟ್ಟುಹೋದವರ ಪಟ್ಟಿಯಲ್ಲಿ ಸೇರಿಸುವುದು ಹಾಸ್ಯಾಸ್ಪದವಾದುದರಿಂದ, ಅವರ ಲೆಕ್ಕವನ್ನು ಬೇರೆ ಪುಟದಲ್ಲಿ ಇಡೋಣ. ಉಳಿದವರು 76 ಮಂದಿ. ಅವರ ಭೇಟಿಗಳು 126. ಅವರಿಂದ ಬಂದ ಹಣ 31,500 ರೂಪಾಯಿ.

ಮರಳಿಕೆಯ ಪ್ರಶ್ನೆ ಇದು: ಜನವರಿ–ಮಾರ್ಚಿನಲ್ಲಿ ಬಂದ ಈ 76 ಮಂದಿಯಲ್ಲಿ ಏಪ್ರಿಲ್–ಜೂನ್ ನಡುವೆ ಒಮ್ಮೆಯಾದರೂ ಬಂದವರು ಎಷ್ಟು? ಇದನ್ನು ಜುಲೈ 1 ರ ಮೊದಲು ಕೇಳಲಾಗದು. ಏಪ್ರಿಲ್ 20 ರಂದೇ ಆತುರಪಟ್ಟು ಎಣಿಸಿದರೆ, ಮಾರ್ಚ್ ಕೊನೆಯಲ್ಲಿ ಬಂದು, ತನ್ನ ವಾಡಿಕೆಯಂತೆ ಮೇ ತಿಂಗಳಲ್ಲಿ ಬರಲಿರುವವಳನ್ನೂ ಬಿಟ್ಟುಹೋದವಳೆಂದು ಬರೆದಂತಾಗುತ್ತದೆ. ಇತ್ತೀಚಿನ ತಿಂಗಳುಗಳ ಮರಳಿಕೆ ಯಾವಾಗಲೂ ಕಡಿಮೆಯಾಗಿ ಕಂಡು ಒಡತಿಯನ್ನು ಗಾಬರಿಗೊಳಿಸುವುದಕ್ಕೆ ಬಹುಪಾಲು ಈ ಅವಸರವೇ ಕಾರಣ.

ಜುಲೈ 1 ರಂದು ಎಣಿಸಿದಾಗ ಮರಳಿ ಬಂದವರು 41 ಮಂದಿ ಎಂದು ತಿಳಿಯಿತು. 41ನ್ನು 76 ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 54. ಇಲ್ಲಿ ಏಪ್ರಿಲ್–ಜೂನಿನಲ್ಲಿ ಮೊದಲ ಸಲ ಬಂದವರನ್ನು ಮೇಲಿನ ಸಂಖ್ಯೆಗೆ ಸೇರಿಸಬಾರದೆಂಬುದನ್ನು ನೆನಪಿಡಬೇಕು. ಆ ಮೂರು ತಿಂಗಳಲ್ಲಿ ಒಟ್ಟು 70 ಮಂದಿ ಬಂದಿರಬಹುದು, ಆದರೆ 70ನ್ನು 76 ರಿಂದ ಭಾಗಿಸಿ ಶೇಕಡಾ 92 ಎಂದು ಸಂತೋಷಪಡುವುದು, ಹೊಸಬರಿಂದ ಹಳಬರ ಅಭಾವವನ್ನು ಮುಚ್ಚಿದಂತೆಯೇ ಸರಿ.

ಒಂದು ಸಂಖ್ಯೆಯೊಳಗಿನ ಎರಡು ಸಂಖ್ಯೆಗಳು

ಶೇಕಡಾ 54 ಎಂಬುದು ಒಳ್ಳೆಯದೋ ಕೆಟ್ಟುದೋ ಎಂದು ಕೇಳುವ ಮೊದಲು, ಅದನ್ನು ಒಡೆದು ನೋಡುವುದು ಉಚಿತ. ಆ 76 ಮಂದಿಯಲ್ಲಿ ಜನವರಿಗೆ ಮುಂಚೆಯೂ ಬಂದಿದ್ದ ಹಳಬರು 46. ಜನವರಿ–ಮಾರ್ಚಿನಲ್ಲಿಯೇ ಮೊದಲ ಸಲ ಬಂದ ಹೊಸಬರು 30. ಹಳಬರಲ್ಲಿ 34 ಮಂದಿ ಮರಳಿದರು. ಅದು ಶೇಕಡಾ 74. ಹೊಸಬರಲ್ಲಿ ಮರಳಿದವರು 7 ಮಂದಿ ಮಾತ್ರ. ಅದು ಶೇಕಡಾ 23. ಹಳಬರ ವಿಷಯದಲ್ಲಿ ಅಂಗಡಿ ಗಟ್ಟಿಯಾಗಿಯೇ ಇದೆ. ಹೊಸಬರು ಎರಡನೆಯ ಸಲ ಹೊಸ್ತಿಲು ತುಳಿಯುವುದಿಲ್ಲವೆಂಬುದೇ ಅದರ ಕೊರತೆ. ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದವಳು ಹಳೆಯ ಗಿರಾಕಿಗಳಿಗೆ ರಿಯಾಯಿತಿ ಕೊಟ್ಟು, ಬಿಡದವರನ್ನು ಹಿಡಿದಿಡಲು ಹಣ ವೆಚ್ಚಮಾಡುತ್ತಿದ್ದಳು.

ಆದರೆ ಈ 23 ರ ಮೇಲೂ ತಟ್ಟನೆ ತೀರ್ಪು ಕೊಡಲಾಗದು. ಇಂಡಿಗೆ ಸೊಲ್ಲಾಪುರ ದೂರವಲ್ಲ. ಮದುವೆಗೆಂದೋ ಹಬ್ಬಕ್ಕೆಂದೋ ಸೊಲ್ಲಾಪುರ, ಪುಣೆಗಳಿಂದ ಬಂದ ನಂಟರು ನಾಲ್ಕು ದಿನ ಇದ್ದು ಹೋಗುವ ಊರು ಇದು. ‘ಊರು’ ಎಂಬ ಅಂಕಣವನ್ನು ನೋಡಿದಾಗ, ಹೊಸಬರಾದ 30 ಮಂದಿಯಲ್ಲಿ 9 ಮಂದಿ ಇಂಥ ನಂಟರೆಂದು ಕಂಡುಬಂದಿತು, ಅವರಾರೂ ಮರಳಿದವರಲ್ಲ. ಅವರು ಬಿಟ್ಟುಹೋದವರೂ ಅಲ್ಲ, ಅವರಿಗೆ ಮರಳುವ ಅವಕಾಶವೇ ಇರಲಿಲ್ಲ. ಅವರನ್ನು ತೆಗೆದರೆ 21 ರಲ್ಲಿ 7, ಅಂದರೆ ಮೂರರಲ್ಲಿ ಒಂದು ಪಾಲು. ಇದೇ ಆ ಅಂಗಡಿಯ ನಿಜವಾದ ಅಂಕಿ. ಇಲ್ಲಿಯೂ ಒಂದು ಮಿತಿಯಿದೆ: 21 ಮಂದಿಯಿರುವಲ್ಲಿ ಒಬ್ಬಳು ಬಂದರೆ ಅಥವಾ ಬಾರದಿದ್ದರೆ ಪ್ರಮಾಣವು ಶೇಕಡಾ 5 ರಷ್ಟು ಏರಿಳಿಯುತ್ತದೆ. ಮುಂದಿನ ಸಲ 33 ರ ಬದಲು 38 ಬಂದಿತೆಂದು ಹಿಗ್ಗುವುದಕ್ಕಾಗಲಿ, 29 ಆಯಿತೆಂದು ಕುಗ್ಗುವುದಕ್ಕಾಗಲಿ ಅದರಲ್ಲಿ ಆಧಾರವಿಲ್ಲ.

ಒಬ್ಬರ ಸರಾಸರಿ ವೆಚ್ಚ

ಸರಾಸರಿಯ ಲೆಕ್ಕ ಮೇಲ್ನೋಟಕ್ಕೆ ಸುಲಭ: ಒಟ್ಟು ಹಣವನ್ನು ಗಿರಾಕಿಗಳ ಸಂಖ್ಯೆಯಿಂದ ಭಾಗಿಸಿದರಾಯಿತು. ಮದುವಣಗಿತ್ತಿಯರನ್ನೂ ಸೇರಿಸಿದರೆ 55,500 ರೂಪಾಯಿಯನ್ನು 80 ರಿಂದ ಭಾಗಿಸಿ 694 ಬರುತ್ತದೆ. ಅವರನ್ನು ಬಿಟ್ಟು 31,500ನ್ನು 76 ರಿಂದ ಭಾಗಿಸಿದರೆ 414. ನಾಲ್ವರು ಸೇರಿದ ಮಾತ್ರಕ್ಕೆ ಎಂಬತ್ತು ಮಂದಿಯ ಸರಾಸರಿ ಇಷ್ಟು ಎತ್ತರಕ್ಕೆ ಏರಿತು. ಮುಂದಿನ ತ್ರೈಮಾಸಿಕದಲ್ಲಿ ಮದುವೆಯ ಅಲಂಕಾರ ಎರಡೇ ಬಂದರೆ, ಉಳಿದವರು ಎಂದಿನಂತೆಯೇ ವೆಚ್ಚ ಮಾಡಿದರೂ, ಗಿರಾಕಿಗಳ ಕೈ ಬಿಗಿಯಾಯಿತೆಂಬ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಮದುವೆಯ ಕೆಲಸಕ್ಕೆ ಮುಂಗಡವನ್ನು ಒಂದು ತಿಂಗಳಲ್ಲಿ ಪಡೆದು ಕೆಲಸವನ್ನು ಇನ್ನೊಂದು ತಿಂಗಳಲ್ಲಿ ಮಾಡುವುದೂ ಉಂಟಾದುದರಿಂದ, ಆ ಪುಟವನ್ನು ಬೇರೆಯಾಗಿಡಲು ಇದೂ ಒಂದು ಕಾರಣ.

ಈ 414 ಕೂಡ ಇನ್ನೆರಡು ಸಂಖ್ಯೆಗಳ ಗುಣಲಬ್ಧ. 31,500ನ್ನು 126 ಭೇಟಿಗಳಿಂದ ಭಾಗಿಸಿದರೆ ಒಂದು ಭೇಟಿಗೆ 250 ರೂಪಾಯಿ. 126ನ್ನು 76 ರಿಂದ ಭಾಗಿಸಿದರೆ ಒಬ್ಬಳಿಗೆ 1.66 ಭೇಟಿ. ಈ ವಿಭಜನೆಯ ಪ್ರಯೋಜನ ಎರಡು ಅವಧಿಗಳನ್ನು ಹೋಲಿಸುವಾಗ ಸ್ಪಷ್ಟವಾಗುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ ಒಡತಿ ಥ್ರೆಡ್ಡಿಂಗ್, ಫೇಶಿಯಲ್ ಮೊದಲಾದವುಗಳ ದರವನ್ನು ಏರಿಸಿದಳೆಂದೂ, ಏಪ್ರಿಲ್–ಜೂನಿನಲ್ಲಿ 70 ಮಂದಿಯಿಂದ 105 ಭೇಟಿಗಳಲ್ಲಿ 29,400 ರೂಪಾಯಿ ಬಂದಿತೆಂದೂ ಇಟ್ಟುಕೊಳ್ಳಿ. ಒಬ್ಬಳ ಸರಾಸರಿ ವೆಚ್ಚ 420. ಅಂದರೆ ಆರು ರೂಪಾಯಿ ಏರಿದೆ, ದರ ಏರಿಸಿದುದು ಒಳ್ಳೆಯದೇ ಆಯಿತೆಂದು ತೋರುತ್ತದೆ. ಒಡೆದು ನೋಡಿದರೆ ಕಥೆ ಬೇರೆ: ಒಂದು ಭೇಟಿಯ ಹಣ 250 ರಿಂದ 280 ಕ್ಕೆ ಏರಿದ್ದರೂ, ಒಬ್ಬಳ ಭೇಟಿ 1.66 ರಿಂದ 1.5 ಕ್ಕೆ ಇಳಿದಿದೆ. ತಿಂಗಳಿಗೊಮ್ಮೆ ಬರುತ್ತಿದ್ದವರು ಎರಡು ತಿಂಗಳಿಗೊಮ್ಮೆ ಬರತೊಡಗಿರಬಹುದೆಂಬ ಸೂಚನೆ ಇದು. ಏರಿದ ದರವು ಆ ಇಳಿತವನ್ನು ಸರಾಸರಿಯೊಳಗೆ ಮರೆಮಾಡಿತ್ತು. ಹಾಗೆಂದು ದರವೇ ಕಾರಣವೆಂದು ಕೂಡಲೇ ಹೇಳುವಂತಿಲ್ಲ; ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಶಾಲೆಗಳಿಗೆ ಬಿಡುವಿದ್ದು, ಶಿಕ್ಷಕಿಯರು ತಮ್ಮ ಊರುಗಳಿಗೆ ಹೋಗಿರುವ ಕಾಲವದು. ಶಿಕ್ಷಕಿಯರ ಸಾಲುಗಳನ್ನು ಬಿಟ್ಟು ಅದೇ ಭಾಗಾಕಾರವನ್ನು ಇನ್ನೊಮ್ಮೆ ಮಾಡಿದಾಗಲೂ ಇಳಿತ ಉಳಿದರೆ, ಆಗ ದರದ ಕಡೆ ನೋಡಬೇಕು.

ಇಷ್ಟೆಲ್ಲ ಎಣಿಕೆಯನ್ನು ಕೈಯಿಂದ ಮಾಡಲು ಎರಡು ಸಂಜೆ ಸಾಕು. ಮೊಬೈಲಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಶೀಟ್ ತೆರೆದು ಬರೆಯುವವರು A ಅಂಕಣದಲ್ಲಿ ತಾರೀಖು, B ಯಲ್ಲಿ ಗಿರಾಕಿಯ ಸಂಖ್ಯೆ, E ಯಲ್ಲಿ ಹಣ ಇಟ್ಟು, ಬಾರದೆ ಹೋದವರ ಸಾಲುಗಳನ್ನು ಬೇರೆ ಹಾಳೆಗೆ ಸಾಗಿಸಿ, G ಅಂಕಣದಲ್ಲಿ ಗಿರಾಕಿಗಳ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದರೆ, ಏಪ್ರಿಲ್–ಜೂನಿನಲ್ಲಿ ಒಬ್ಬೊಬ್ಬಳು ಎಷ್ಟು ಸಲ ಬಂದಳು, ಎಷ್ಟು ಕೊಟ್ಟಳು ಎಂಬುದನ್ನು ಈ ಎರಡು ಸೂತ್ರಗಳು ಹೇಳುತ್ತವೆ:

```
=COUNTIFS(B:B,G2,A:A,">="&DATE(2025,4,1),A:A,"<="&DATE(2025,6,30))
=SUMIFS(E:E,B:B,G2,A:A,">="&DATE(2025,4,1),A:A,"<="&DATE(2025,6,30))
```

ಜನವರಿ–ಮಾರ್ಚಿನ ಗಿರಾಕಿಗಳಲ್ಲಿ ಮೊದಲ ಸೂತ್ರದ ಉತ್ತರ ಸೊನ್ನೆ ಬಂದವರೇ ಮರಳದವರು.

ಪಂಚಾಂಗ ಮತ್ತು ಪರಊರು

ಒಂದು ತ್ರೈಮಾಸಿಕವನ್ನು ಅದರ ಹಿಂದಿನದಕ್ಕೆ ಹೋಲಿಸುವುದಕ್ಕಿಂತ ಹೋದ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸುವುದು ನ್ಯಾಯವೆಂದು ವ್ಯಾಪಾರಿಗಳು ಬಲ್ಲರು. ಆದರೆ ನಮ್ಮ ಗಿರಾಕಿಗಳು ನಡೆಯುವುದು ಪಂಚಾಂಗದಂತೆ. ನಮ್ಮ ತ್ರೈಮಾಸಿಕಗಳು ನಡೆಯುವುದು ಇಂಗ್ಲಿಷ್ ತಿಂಗಳುಗಳಂತೆ. ಯುಗಾದಿ 2024 ರಲ್ಲಿ ಏಪ್ರಿಲ್ 9 ಕ್ಕೆ ಬಂದಿತು, 2025 ರಲ್ಲಿ ಮಾರ್ಚ್ 30 ಕ್ಕೆ. ಹಬ್ಬದ ಮುನ್ನಾದಿನಗಳ ಗದ್ದಲವು ಒಂದು ವರ್ಷ ಎರಡನೆಯ ತ್ರೈಮಾಸಿಕಕ್ಕೂ ಮರುವರ್ಷ ಮೊದಲನೆಯದಕ್ಕೂ ಸೇರಿತಾದುದರಿಂದ, 2025ರ ಜನವರಿ–ಮಾರ್ಚ್ ಹಿಂದಿನ ವರ್ಷಕ್ಕಿಂತ ಚೆನ್ನಾಗಿ ಕಂಡರೆ ಅದರಲ್ಲಿ ಯುಗಾದಿಯ ಪಾಲು ಎಷ್ಟೆಂದು ನೋಡಬೇಕು. ಅಧಿಕಮಾಸ ಬಂದ ವರ್ಷ ವ್ಯತ್ಯಾಸ ಇನ್ನೂ ಹೆಚ್ಚು. 2026 ರಲ್ಲಿ ಜ್ಯೇಷ್ಠವೇ ಅಧಿಕವಾಗಿ ಮೇ ನಡುವಿನಿಂದ ಜೂನ್ ನಡುವಿನವರೆಗೆ ವ್ಯಾಪಿಸುವುದರಿಂದ, ಆ ಅವಧಿಯ ಮದುವೆಯ ಕೆಲಸವನ್ನು 2025ರ ಅದೇ ದಿನಗಳಿಗೆ ಹೋಲಿಸುವುದು ಸಲ್ಲದು.

ಎಲ್ಲಕ್ಕಿಂತ ಹೆಚ್ಚಾಗಿ ಲೆಕ್ಕವನ್ನು ತಿರುಚುವುದು ನಾಗರ ಪಂಚಮಿ. ಉತ್ತರ ಕರ್ನಾಟಕದಲ್ಲಿ ಪಂಚಮಿಯೆಂದರೆ ಗಂಡನ ಮನೆಯ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಆ ವಾರ ಡೈರಿಯಲ್ಲಿ ಕಾಣುವ ಹೊಸ ಹೆಸರುಗಳಲ್ಲಿ ಅನೇಕವು ಹೊಸವೇ ಅಲ್ಲ. ಮದುವೆಗೆ ಮುಂಚೆ ಇಲ್ಲಿಯೇ ಬರುತ್ತಿದ್ದವರು, ವರ್ಷಕ್ಕೊಮ್ಮೆ ಬಂದು ಉಂಡಿ ತಿಂದು, ಜೋಕಾಲಿ ಆಡಿ ಹೋಗುವವರು. ಮೂರು ತಿಂಗಳ ಅಳತೆಯಲ್ಲಿ ಇವರು ಪ್ರತಿ ಸಲವೂ ಬಿಟ್ಟುಹೋದವರೇ. ಪಂಚಮಿಯಿಂದ ಪಂಚಮಿಗೆ ಅಳೆದರೆ ಅಂಗಡಿಯ ಅತಿ ಹಳೆಯ ಗಿರಾಕಿಗಳು. ಹೆಸರಿನ ಮುಂದೆ ‘ತವರು’ ಎಂದು ಬರೆದಿಟ್ಟು, ಅವರಿಗೆ ವಾರ್ಷಿಕ ಪುಟವೊಂದನ್ನು ತೆರೆಯುವುದೇ ಸರಿಯಾದ ಕ್ರಮ.

ಬೇರೆ ಕಸುಬಿಗೆ ಹೋದಾಗ ‘ಭೇಟಿ’ ಎಂಬ ಮಾತಿನ ಅರ್ಥವೇ ಬದಲಾಗುವುದನ್ನು ಗಮನಿಸಬೇಕು. ಮುದ್ದೇಬಿಹಾಳದ ಹಲ್ಲಿನ ದವಾಖಾನೆಯೊಂದರಲ್ಲಿ ಒಂದೇ ಹಲ್ಲಿನ ಬೇರಿನ ಚಿಕಿತ್ಸೆಗೆ ರೋಗಿ ಮೂರು ನಾಲ್ಕು ಸಲ ಬರಬೇಕಾಗಬಹುದು. ಎರಡನೆಯ ಸಲ ಬಂದುದು ವಿಶ್ವಾಸದಿಂದ ಮರಳಿದುದಲ್ಲ, ಮೊದಲನೆಯ ಕೆಲಸದ ಮುಂದುವರಿಕೆ. ಅಲ್ಲಿ ಎಣಿಸತಕ್ಕದ್ದು ಚಿಕಿತ್ಸೆಗಳನ್ನು, ಕುಳಿತ ಸಲಗಳನ್ನಲ್ಲ. ಅವಧಿಯೂ ಮೂರು ತಿಂಗಳಲ್ಲದೆ ಒಂದು ವರ್ಷವಾದರೂ ಇರಬೇಕು. ಸಿಂದಗಿಯ ಟೇಲರನ ಪುಸ್ತಕದಲ್ಲಿ ಅಳತೆ ಕೊಟ್ಟ ದಿನ, ಹೊಲಿದುದನ್ನು ತೊಟ್ಟು ನೋಡಿದ ದಿನ, ಒಯ್ದ ದಿನ ಎಂದು ಮೂರು ತಾರೀಖುಗಳಿದ್ದರೂ ಅದು ಒಂದೇ ಭೇಟಿ. ಹಣವನ್ನು ಒಯ್ದ ದಿನಕ್ಕೂ, ಬಂದುದನ್ನು ಅಳತೆ ಕೊಟ್ಟ ದಿನಕ್ಕೂ ಕಟ್ಟಿದರೆ ಗೊಂದಲವಿರದು. ಬಸವಣ್ಣನವರ ಜನ್ಮಸ್ಥಳವಾದ ಬಸವನಬಾಗೇವಾಡಿಯಲ್ಲಿ ದರ್ಶನಕ್ಕೆ ಬಂದವರು ಪೇಟೆಯಲ್ಲಿ ಒಂದೆರಡು ಗಂಟೆ ಇದ್ದು ಹೋಗುವವರಾದುದರಿಂದ, ಇಂಡಿಯ ನಂಟರಿಗೆ ಮಾಡಿದ ವಿಂಗಡಣೆಯನ್ನು ಅಲ್ಲಿ ಇನ್ನೂ ಬಿಗಿಯಾಗಿ ಮಾಡಬೇಕಾಗುತ್ತದೆ. ನಾಲ್ಕೂ ಊರುಗಳಲ್ಲಿ ಸಮನಾದುದು ಇಷ್ಟೇ: ಮರಳುವ ಅವಕಾಶವುಳ್ಳವರು ಯಾರೆಂದು ಮೊದಲು ನಿಶ್ಚಯಿಸಿ, ಅನಂತರ ಮರಳಿದವರನ್ನು ಎಣಿಸುವುದು.

ಮರಳದ ಹನ್ನೆರಡು ಮಂದಿ

ಇಂಡಿಯ ನಮ್ಮ ಪಾರ್ಲರಿಗೆ ಕೊನೆಯ ಸಲ ಹಿಂದಿರುಗೋಣ. ಹಳಬರಾದ 46 ರಲ್ಲಿ ಮರಳದವರು 12 ಮಂದಿ. ಖತಾವಣಿಯಲ್ಲಿ ಅವರ ಸಾಲುಗಳು ಮಾರ್ಚಿಗೆ ನಿಂತಿವೆ. ಒಡತಿ ಆ ಹೆಸರುಗಳನ್ನು ಒಂದೊಂದಾಗಿ ಓದಿದಾಗ, ಇಬ್ಬರು ಶಿಕ್ಷಕಿಯರಿಗೆ ಬೇರೆ ತಾಲೂಕಿಗೆ ವರ್ಗವಾಗಿದೆಯೆಂದೂ, ನಾಲ್ವರು ಕಾಲೇಜು ಹುಡುಗಿಯರು ಪರೀಕ್ಷೆ ಮುಗಿಸಿ ಊರು ಬಿಟ್ಟಿದ್ದಾರೆಂದೂ ಅವಳಿಗೆ ನೆನಪಿದೆ. ಉಳಿದ ಆರು ಮಂದಿ ಇದೇ ಪೇಟೆಯವರು, ಕಾರಣ ತಿಳಿಯದವರು.

ಈಗ ಅವಳು ಖತಾವಣಿಯನ್ನು ಮುಚ್ಚಿ ಮತ್ತೆ ಕಿರ್ದಿಯನ್ನು ತೆರೆಯಬೇಕು. ಆ ಆರು ಮಂದಿಯ ಕೊನೆಯ ಭೇಟಿಯ ಪುಟಗಳನ್ನು ಹುಡುಕಿದಾಗ, ನಾಲ್ವರ ಕೊನೆಯ ಸಾಲು ಮಾರ್ಚ್ 28 ಮತ್ತು 29 ರ ಪುಟಗಳಲ್ಲಿ ಸಿಕ್ಕಿತೆನ್ನಿ. ಯುಗಾದಿಯ ಮುನ್ನಿನ ಆ ಎರಡು ದಿನ ಪುಟದ ಅಂಚಿನವರೆಗೂ ಹೆಸರುಗಳು, ಒಂದೇ ಹೊತ್ತಿಗೆ ಇಬ್ಬರು ಮೂವರ ಸಾಲುಗಳು, ಅವುಗಳ ನಡುವೆ ಮೊದಲ ಸಲ ಬಂದ ನಂಟರು. ಸಮಯ ಗೊತ್ತುಮಾಡಿಕೊಂಡು ಬಂದ ಖಾಯಂ ಗಿರಾಕಿ ಅಂದು ಎಷ್ಟು ಹೊತ್ತು ಬಾಗಿಲ ಬಳಿ ಕುಳಿತಿದ್ದಳೆಂದು ಡೈರಿ ಹೇಳುವುದಿಲ್ಲ. ನಾಲ್ಕು ಹೆಸರುಗಳಿಂದ ಅದು ಸಿದ್ಧವಾಗುವುದೂ ಇಲ್ಲ. ಆದರೆ ಯಾರಿಗೆ ಫೋನು ಮಾಡಿ, ಯಾವ ದಿನದ ಮಾತು ಎತ್ತಬೇಕೆಂಬುದು ಈಗ ಅವಳಿಗೆ ತಿಳಿದಿದೆ: “ಅಕ್ಕಾರ, ಯುಗಾದಿ ಮುಂದ ಬಂದಿದ್ರೆಲ್ಲ, ಅವತ್ತ ಭಾಳ ಹೊತ್ತ ಕುಂದರಬೇಕಾತೇನ್ರೀ?”